ಹಂಡೆ ಒಲೆಯ ಹಿಂದಿನ ಬಟ್ಟೆ

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ತಿರ ಒಂದು ಹಳ್ಳಿ. ಅಜ್ಜಿಗೆ 71 ವರ್ಷ, ಮುಟ್ಟು ನಿಂತು 20 ವರ್ಷದ ಮೇಲಾಗಿದೆ. ಹೋದ ತಿಂಗಳು ಅವರ ಒಳಲಂಗದ ಮೇಲೆ ಕಂದು ಬಣ್ಣದ ಕಲೆ ನೋಡಿದೆ. ಕೇಳಿದ್ದಕ್ಕೆ ಎಲೆ ಅಡಿಕೆ ಕಲೆ ಅಂದರು. ಈ ವಾರ ಮತ್ತೆ ಕಂಡಿತು, ನಾಣ್ಯದಷ್ಟು ಅಗಲ, ಅಷ್ಟೆ. ಅವರು ತುಂಬಾ ನಾಚಿಕೆಯವರು, ಗಂಡು ಡಾಕ್ಟರ ಹತ್ತಿರ ಜ್ವರಕ್ಕೂ ಹೋಗುವುದಿಲ್ಲ. ಮನಸ್ಸಿಗೆ ನೋವಾಗದ ಹಾಗೆ ಹೇಗೆ ಕೇಳಲಿ? ಇಷ್ಟು ಸ್ವಲ್ಪಕ್ಕೆ ಆಸ್ಪತ್ರೆಗೆ ಹೋಗಬೇಕಾ? ಹೋದರೆ ಏನೇನು ಮಾಡುತ್ತಾರೆ?

ಉತ್ತರ: ಹೋಗಬೇಕು. ಒಂದೆರಡು ವಾರದೊಳಗೆ ಹೋಗಿ. ಮಧ್ಯರಾತ್ರಿ ಎದ್ದು ಓಡುವಂಥದ್ದಲ್ಲ, ಆದರೆ ಕಾಫಿ ಕುಯ್ಲು ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದಕ್ಕೆ ಹಾಕುವಂಥದ್ದೂ ಅಲ್ಲ. ಗಂಟೆಗೊಂದು ಬಟ್ಟೆ ನೆನೆಯುವಷ್ಟು ಹೋದರೆ ಅಥವಾ ತಲೆ ಸುತ್ತಿ ಬಿದ್ದರೆ ಮಾತ್ರ ಅವತ್ತೇ ಹೊರಡಿ.

ಕಲೆ ಎಷ್ಟು ಅಗಲವಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಒಂದು ವರ್ಷ ಪೂರ್ತಿ ಮುಟ್ಟು ಬಾರದೆ ಹೋಗಿ, ಆಮೇಲೆ ಕಂಡದ್ದು ಒಂದೇ ತೊಟ್ಟಾದರೂ, ಕೆಂಪಿದ್ದರೂ, ಕಂದಾಗಿದ್ದರೂ, ಬಿಳಿ ಸೆರಗಿನಲ್ಲಿ ತಿಳಿ ಗುಲಾಬಿ ಬಣ್ಣ ಬೆರೆತಿದ್ದರೂ ನಾವು ಅದನ್ನು ಒಂದೇ ರೀತಿ ನೋಡುತ್ತೇವೆ. ಕ್ಯಾನ್ಸರ್ ಇದ್ದು ನಾಲ್ಕೇ ಹನಿ ಕಂಡವರನ್ನು ನೋಡಿದ್ದೇನೆ. ಗರ್ಭಕೋಶದೊಳಗೆ ಬೆಳೆಯುವ, ಏನೂ ಅಪಾಯವಿಲ್ಲದ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಲಂಗ ಪೂರ್ತಿ ನೆನೆದವರನ್ನೂ ನೋಡಿದ್ದೇನೆ.

ನೀವು ಮೊದಲು ಕೇಳಿರುವುದು ಹೇಗೆ ಕೇಳಲಿ ಎಂದು. ಅದಕ್ಕೆ ನನ್ನಲ್ಲಿ ಸೂತ್ರವಿಲ್ಲ, ಆದರೆ ಒಬ್ಬ ಹುಡುಗಿ ಕೇಳಿದ ರೀತಿ ನನಗೆ ಗೊತ್ತು. ಅವಳೂ ಅವಳ ಅಜ್ಜಿಯೂ ಒಪ್ಪಿದ್ದರಿಂದ, ಗುರುತು ಸಿಗದಷ್ಟು ಬದಲಿಸಿ ಹೇಳುತ್ತೇನೆ.

ಶನಿವಾರಸಂತೆ ಕಡೆಯ ಮನೆ. ಅಜ್ಜಿಗೆ ಆಗ 68. ಮುಟ್ಟು ನಿಂತಾಗ 52, ಅಂದರೆ 16 ವರ್ಷದ ಹಿಂದಿನ ಮಾತು. ಮೊಮ್ಮಗಳು ಕುಶಾಲನಗರದಲ್ಲಿ ಡಿಗ್ರಿ ಓದುತ್ತಿದ್ದಳು. ಜುಲೈನಲ್ಲಿ ಮಳೆ ಹಿಡಿದುಕೊಂಡು ಜಿಲ್ಲೆಗೆ ರಜೆ ಕೊಟ್ಟಾಗ ಮನೆಗೆ ಬಂದಳು. ನಮ್ಮ ಕಡೆ ಆ ತಿಂಗಳಲ್ಲಿ ಬಟ್ಟೆ ಒಣಗುವುದಿಲ್ಲ ಎಂಬುದು ನಿಮಗೆ ಹೇಳಬೇಕಾಗಿಲ್ಲ. ಅಂಗಳದ ತಂತಿ ಖಾಲಿ, ಇದ್ದದ್ದೆಲ್ಲ ಅಡುಗೆಮನೆಯ ಒಲೆ ಮೇಲಿನ ಬಿದಿರ ಗಳಕ್ಕೆ ಬರುತ್ತದೆ. ಆ ಮನೆಯಲ್ಲೂ ಎಲ್ಲರ ಬಟ್ಟೆ ಅಲ್ಲೇ ತೂಗುತ್ತಿತ್ತು. ಬಚ್ಚಲುಮನೆಯಲ್ಲಿ, ಹಂಡೆ ಒಲೆಯ ಹಿಂದೆ, ಸೌದೆ ಒಟ್ಟಿದ ಸಂದಿಯಲ್ಲಿ ಮಾತ್ರ ಬೇರೆ ನಾಲ್ಕು ತುಂಡು ಇದ್ದವು. ಹಳೆಯ ಪಂಚೆ ಹರಿದು ಮಡಚಿದ ತುಂಡುಗಳು. ಆ ಮನೆಯಲ್ಲಿ ಮುಟ್ಟಾಗುವ ವಯಸ್ಸಿನವಳು ಅವಳೊಬ್ಬಳೇ. ಅಮ್ಮನಿಗೆ ಗರ್ಭಕೋಶ ತೆಗೆದು ಆರು ವರ್ಷವಾಗಿತ್ತು. ಹುಡುಗಿ ಪ್ಯಾಡ್ ಬಳಸುವವಳು.

ಬಟ್ಟೆ ನೋಡಿದ ಮೇಲೆ ಇನ್ನೊಂದು ಅವಳ ಗಮನಕ್ಕೆ ಬಂತು. ದಿನಾ ಸಂಜೆ ದೇವರ ದೀಪ ಅಜ್ಜಿಯೇ ಹಚ್ಚಬೇಕು, ಬೇರೆಯವರು ಬತ್ತಿ ಮುಟ್ಟಿದರೂ ಅವರಿಗೆ ಆಗದು. ಆ ವಾರ ಮೂರು ಸಂಜೆ "ಮಂಡಿ ನೋಯ್ತದೆ ಮಗ, ಇವತ್ತು ನೀನೇ ಹಚ್ಚು" ಅಂದರು. ಮಂಡಿ ನೋವಿನವರು ಕೊಟ್ಟಿಗೆಗೆ ಮಾತ್ರ ಎರಡು ಹೊತ್ತೂ ಇಳಿದು ಹೋಗುತ್ತಿದ್ದರು.

ನೇರವಾಗಿ ಕೇಳಿದ್ದರೆ ಅಜ್ಜಿ ಇಲ್ಲ ಅನ್ನುತ್ತಿದ್ದರು, ಬಟ್ಟೆ ಇನ್ನೂ ಒಳಗಿನ ಸಂದಿಗೆ ಹೋಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ತನ್ನ ಒಳಬಟ್ಟೆಯನ್ನೇ ತಂದು "ಅಜ್ಜಿ, ಮೇಲೆ ಗಳದ ಮೇಲೆ ಹಾಕೋಕೆ ಒಂಥರಾ ಆಗ್ತದೆ, ನನ್ನದೂ ಇಲ್ಲೇ ಒಣಗಿಸ್ಲಾ?" ಅಂದಳು. ಅಜ್ಜಿ ಮಾತಾಡಲಿಲ್ಲ, ಒಂದು ಸೌದೆ ಸರಿಸಿ ಜಾಗ ಮಾಡಿಕೊಟ್ಟರು. ಮಾರನೆಯ ದಿನ ಹಂಡೆಗೆ ಉರಿ ಹಾಕುತ್ತಾ ಇಬ್ಬರೇ ಇದ್ದಾಗ, ಬೆಂಕಿಯ ಕಡೆ ಮುಖ ಮಾಡಿಕೊಂಡು "ನಿಂಗೆ ಯಾವಾಗಿಂದ ಅಜ್ಜಿ?" ಎಂದು ಕೇಳಿದಳು.

ನಾನು ಬಹಳ ವರ್ಷ ಕೆಲಸ ಮಾಡಿದ ಮೇಲೆ ಕಲಿತದ್ದನ್ನು ಆ ಹುಡುಗಿ ತಾನಾಗಿಯೇ ಮಾಡಿದ್ದಳು. "ರಕ್ತ ಹೋಗ್ತದಾ?" ಎಂದು ಕೇಳಿದರೆ ಇಲ್ಲ ಎನ್ನಲು ಜಾಗವಿರುತ್ತದೆ. "ಯಾವಾಗಿಂದ?" ಎಂದರೆ ಕೇಳುವವರಿಗೆ ಆಗಲೇ ಗೊತ್ತಿದೆ, ಗೊತ್ತಿದ್ದೂ ಪಕ್ಕದಲ್ಲೇ ಕೂತಿದ್ದಾರೆ ಎಂದಾಗುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ಕೇಳದೆ ಇದ್ದದ್ದೂ ಒಳ್ಳೆಯದಾಯಿತು.

ಅಜ್ಜಿ ತುಸು ಹೊತ್ತು ಬಿಟ್ಟು ಹೇಳಿದರು. "ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ. ಆಮೇಲೆ ಹಣ್ಣು ಕುಯ್ಯುವಾಗ ಒಂದು ಸಲ. ಶಿವರಾತ್ರಿಗೆ ಒಂದು ಸಲ. ಹೂಮಳೆ ಬಿದ್ದ ಮೇಲೆ ತಿಂಗಳಿಗೊಂದು ಸಲ ಬರೋಕೆ ಶುರುವಾಯ್ತು. ಈಗ ಹದಿನೈದು ದಿನಕ್ಕೇ."

ಈ ಮಾತನ್ನು ಆ ಹುಡುಗಿ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಳು, ಮುಂದೆ ನನ್ನ ಕೈಗೆ ಬಂದಾಗ ಅದರಿಂದ ಬಹಳ ಉಪಯೋಗವಾಯಿತು. ನಮ್ಮ ಹಿರಿಯರಿಗೆ ತಾರೀಕು ನೆನಪಿರುವುದಿಲ್ಲ, ಹಬ್ಬ ಮತ್ತು ತೋಟದ ಕೆಲಸ ನೆನಪಿರುತ್ತದೆ. ಗೌರಿ ಹಬ್ಬದಿಂದ ಕುಯ್ಲಿಗೆ ಮೂರು ತಿಂಗಳು, ಅಲ್ಲಿಂದ ಶಿವರಾತ್ರಿಗೆ ಎರಡು ಎರಡೂವರೆ, ಆಮೇಲೆ ತಿಂಗಳು, ಆಮೇಲೆ ಪಕ್ಷ. ನಡುವಿನ ಅಂತರ ಸಣ್ಣದಾಗುತ್ತಾ ಬಂದಿದೆ. ನಿಮ್ಮ ಅಜ್ಜಿಯ ಹತ್ತಿರವೂ ಹೀಗೇ ಕೇಳಿ ಬರೆದಿಡಿ.

ಸುಮಾರು ಹನ್ನೊಂದು ತಿಂಗಳು ಯಾಕೆ ಮುಚ್ಚಿಟ್ಟರು? ನಾನು ಆಮೇಲೆ ಕೇಳಿದ್ದೇನೆ. ಮೊದಲನೆಯ ಸಲ ಉಷ್ಣ ಆಗಿದೆ ಅಂದುಕೊಂಡರು. ಮೆಂತ್ಯ ನೆನೆಸಿ ತಿಂದರು, ಎಳನೀರು ಕುಡಿದರು. ನಿಂತಿತು. ಅದು ತಾನಾಗಿ ನಿಲ್ಲುವಂಥದ್ದೇ, ಮೆಂತ್ಯಕ್ಕೆ ಹೆಸರು ಬಂತು. ಎರಡನೆಯ ಸಲ ಮುಟ್ಟು ಮರಳಿ ಬಂದಿದೆ ಅಂದುಕೊಂಡರು, ಅಲ್ಲಿಂದ ಬಾಯಿ ಕಟ್ಟಿಹೋಯಿತು. ಮೊಮ್ಮಕ್ಕಳು ಓದುವ ಹೊತ್ತಿನಲ್ಲಿ ತನಗೆ ಮುಟ್ಟು ಎಂದರೆ ಜನ ಏನೆನ್ನುತ್ತಾರೆ? ದೇವರ ಮನೆಗೆ ಹೋಗುವ ಹಾಗಿಲ್ಲ, ಹೋಗದಿದ್ದರೆ ಸೊಸೆ ಯಾಕೆ ಎನ್ನುತ್ತಾಳೆ. ಹಾಗಾಗಿ ಮಂಡಿ ನೋವು ಹುಟ್ಟಿಕೊಂಡಿತು. ಅದರ ಹಿಂದೆ ಇನ್ನೊಂದು ಭಯವಿತ್ತು. ಸೊಸೆಗೆ ಗರ್ಭಕೋಶ ತೆಗೆದ ಮೇಲೆ ಬಹಳ ದಿನ ಸೊಂಟ ನೋವಿತ್ತು, ಹೇಳಿದರೆ ತನಗೂ ತೆಗೆಯುತ್ತಾರೆ ಎಂಬ ಭಯ.

ಅಜ್ಜಿಗೆ ನಾನು ಹೇಳಿದ ಮೊದಲ ಮಾತನ್ನೇ ನಿಮಗೂ ಹೇಳುತ್ತೇನೆ, ನಿಮ್ಮ ಅಜ್ಜಿಗೆ ಇದನ್ನು ದಾಟಿಸಿ. ಅದು ಮುಟ್ಟಲ್ಲ. ಮುಟ್ಟು ಬರಬೇಕಾದರೆ ಅಂಡಾಶಯದಲ್ಲಿ ತಿಂಗಳು ತಿಂಗಳು ಮೊಟ್ಟೆ ಬಲಿಯಬೇಕು. ಐವತ್ತರ ಆಸುಪಾಸಿಗೆ ಆ ದಾಸ್ತಾನು ಮುಗಿಯುತ್ತದೆ, ಹದಿನಾರು ವರ್ಷ ಬಿಟ್ಟು ಮತ್ತೆ ಹುಟ್ಟುವುದಿಲ್ಲ. ಆ ಮೇಲೆ ಕಾಣುವ ರಕ್ತಕ್ಕೆ ಬೇರೆಯೇ ಮೂಲವಿರುತ್ತದೆ, ಎಲ್ಲೋ ಒಂದು ಕಡೆ ಚರ್ಮ ಒಡೆದಿದೆ, ಗಾಯವಿದೆ ಅಥವಾ ಏನೋ ಬೆಳೆದಿದೆ. "ಕತ್ತಿಯಲ್ಲಿ ಕೈ ಕುಯ್ದುಕೊಂಡರೆ ದೀಪ ಹಚ್ಚೋದು ಬಿಡ್ತೀರಾ ಅಜ್ಜಿ?" ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಅಲ್ಲಿಂದಾಚೆ ಅವರು ಮೊಮ್ಮಗಳ ಕೈಲಿ ಹೇಳಿಸದೆ ತಾವೇ ಮಾತಾಡಿದರು. ಮೈಲಿಗೆ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಹೋಗಲಿಲ್ಲ. ಅವರ ಲೆಕ್ಕದಲ್ಲೇ ಇದು ಮೈಲಿಗೆ ಆಗುವುದಿಲ್ಲ ಎಂಬುದು ಸಾಕಾಗಿತ್ತು.

ಆದರೆ ನನ್ನ ಹತ್ತಿರ ಬರುವ ಮೊದಲೇ ಒಂದು ತಪ್ಪು ನಡೆದುಹೋಗಿತ್ತು. ಮಳೆ ಸ್ವಲ್ಪ ತೆರಪು ಕೊಟ್ಟಾಗ ಹುಡುಗಿಯ ಅಪ್ಪ ಅಜ್ಜಿಯನ್ನು ಜೀಪಿನಲ್ಲಿ ಒಂದು ಪೇಟೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡಿ, ಗರ್ಭಕೋಶ ವಯಸ್ಸಿಗೆ ತಕ್ಕಂತೆ ಸಣ್ಣದಾಗಿದೆ ಎಂದು ಬರೆದುಕೊಟ್ಟು, ರಕ್ತ ನಿಲ್ಲುವ ಮಾತ್ರೆ ಐದು ದಿನಕ್ಕೆ ಕೊಟ್ಟು ಕಳುಹಿಸಿದರು. ಯಾರೂ ಒಳಗೆ ನೋಡಲಿಲ್ಲ. ರಕ್ತ ನಿಂತಿತು, ಮನೆಯವರಿಗೆಲ್ಲ ಸಮಾಧಾನವಾಯಿತು. ಮೂರು ವಾರ ಕಳೆದು ಹಂಡೆ ಒಲೆಯ ಹಿಂದೆ ಬಟ್ಟೆ ಮತ್ತೆ ಬಂತು. ಈ ಸಲ ಅಜ್ಜಿ "ಸ್ಕ್ಯಾನಿಂಗಲ್ಲಿ ಏನೂ ಇಲ್ಲ ಅಂದ್ರಲ್ಲ" ಎಂದು ಹಟ ಹಿಡಿದರು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆಂದರೆ, ನಿಮಗೂ ಹೀಗೇ ಆಗಬಹುದು. ರಕ್ತ ನಿಲ್ಲಿಸುವ ಮಾತ್ರೆ ಕಾರಣವನ್ನು ಹುಡುಕುವುದಿಲ್ಲ, ಕಾಣುವ ಗುರುತನ್ನು ಮಾತ್ರ ಅಳಿಸುತ್ತದೆ. ಇನ್ನು ಆ ರಿಪೋರ್ಟಿನಲ್ಲಿ ನಮಗೆ ಬೇಕಾದ ಒಂದೇ ಒಂದು ಅಂಕಿ ಇರಲಿಲ್ಲ, ಗರ್ಭಕೋಶದ ಒಳಪದರದ ದಪ್ಪ. ಮುಟ್ಟು ನಿಂತವರಲ್ಲಿ ಈ ಪದರ ಹಾಳೆಯಂತೆ ತೆಳ್ಳಗಾಗಿರುತ್ತದೆ. ಹೊಟ್ಟೆಯ ಮೇಲಿನಿಂದ ನೋಡಿದರೆ ಕೊಬ್ಬು, ಕರುಳು, ಗಾಳಿ ಎಲ್ಲ ದಾಟಿ ಅಷ್ಟು ಸೂಕ್ಷ್ಮವಾಗಿ ಅಳೆಯಲು ಆಗುವುದು ಕಷ್ಟ. ಅದಕ್ಕೇ ಬೆರಳಿಗಿಂತ ತುಸು ದಪ್ಪದ ಸಾಧನವನ್ನು ಯೋನಿಯ ಒಳಗಿಟ್ಟು ನೋಡುವ ಸ್ಕ್ಯಾನ್ ಮಾಡುತ್ತೇವೆ. ಅದರಲ್ಲಿ ದಪ್ಪ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅದಕ್ಕಿಂತ ಜಾಸ್ತಿ ಇದ್ದರೆ ಪದರದ ಚೂರು ತೆಗೆದು ಪರೀಕ್ಷೆಗೆ ಕಳುಹಿಸಬೇಕು. ಸ್ಕ್ಯಾನಿಗೆ ಹೋದಾಗ ನೀವು ಸುಮ್ಮನೆ "ಏನಾದರೂ ಇದೆಯಾ?" ಎಂದು ಕೇಳಬೇಡಿ. "ಒಳಪದರ ಎಷ್ಟು ಮಿಲಿಮೀಟರ್ ದಪ್ಪ ಇದೆ?" ಎಂದು ಕೇಳಿ. ರಿಪೋರ್ಟಿನಲ್ಲಿ ಆ ಅಂಕಿ ಇಲ್ಲದಿದ್ದರೆ ಸ್ಕ್ಯಾನ್ ಪೂರ್ತಿಯಾಗಿಲ್ಲ ಎಂದೇ ತಿಳಿಯಿರಿ. ಹೊಟ್ಟೆ ಸ್ಕ್ಯಾನಿಗೆ ಮೂತ್ರ ತುಂಬಿರಬೇಕು, ಇದಕ್ಕೆ ಮೂತ್ರ ಮಾಡಿ ಬರಬೇಕು. ನೀರು ಕುಡಿದು ಕುಡಿದು ಕಾಯುವ ಹಿಂಸೆ ಅಜ್ಜಿಗೆ ಇರುವುದಿಲ್ಲ.

ಆ ಅಜ್ಜಿ ನನ್ನ ಹತ್ತಿರ ಬಂದ ದಿನ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ, ನಿಮ್ಮ ಅಜ್ಜಿಗೂ ಹೆಚ್ಚುಕಡಿಮೆ ಇದೇ ಇರುತ್ತದೆ. ಮೊದಲು ಮಾತು. ಮುಟ್ಟು ನಿಂತದ್ದು ಯಾವ ವಯಸ್ಸಿಗೆ, ಎಷ್ಟು ಹೆರಿಗೆ, ಸಕ್ಕರೆ ಕಾಯಿಲೆ ಮತ್ತು ಬಿಪಿ ಇದೆಯೇ, ಮನೆಯಲ್ಲಿ ಯಾರಿಗಾದರೂ ಗರ್ಭಕೋಶದ, ಕರುಳಿನ ಅಥವಾ ಸ್ತನದ ಕ್ಯಾನ್ಸರ್ ಇತ್ತೇ, ಯಾವ ಮಾತ್ರೆ ನುಂಗುತ್ತಿದ್ದಾರೆ. ಮಾತ್ರೆಯ ಹೆಸರು ಹೇಳಲು ಬಾರದಿದ್ದರೆ ಚೀಟಿ ಹುಡುಕಬೇಡಿ, ಡಬ್ಬಿಯನ್ನೇ ತನ್ನಿ. ಹೃದಯಕ್ಕೆಂದು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಅದರ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವುದೂ ಬೇಡ, ಅದನ್ನು ನೀವಾಗಿಯೇ ನಿಲ್ಲಿಸುವುದೂ ಬೇಡ. ಸ್ತನ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ತೆಗೆದುಕೊಂಡಿದ್ದರೆ ಅದನ್ನು ಮರೆಯದೆ ಹೇಳಿ, ಆ ಮಾತ್ರೆ ಗರ್ಭಕೋಶದ ಒಳಪದರವನ್ನು ಬೆಳೆಸಬಲ್ಲದು.

ಈ ಅಜ್ಜಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ತೂಕ 78 ಕಿಲೋ, ಆಳು ಗಿಡ್ಡ. ಇದನ್ನು ಕೇಳಿದಾಗಲೇ ನನ್ನ ಮನಸ್ಸು ಒಂದು ಕಡೆ ವಾಲಿತು. ಕಾರಣ ಇದು. ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜನ್ ಮಾಡುವುದನ್ನು ಬಿಟ್ಟರೂ ಮೈಯ ಕೊಬ್ಬು ಬಿಡುವುದಿಲ್ಲ. ಬೇರೆ ಗ್ರಂಥಿಗಳಿಂದ ಬರುವ ಹಾರ್ಮೋನನ್ನು ಅದು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತಲೇ ಇರುತ್ತದೆ. ಈಸ್ಟ್ರೋಜನ್ ಒಳಪದರವನ್ನು ಬೆಳೆಸುವ ಹಾರ್ಮೋನು. ಅದಕ್ಕೆ ಕಡಿವಾಣ ಹಾಕುವ ಪ್ರೊಜೆಸ್ಟರಾನ್ ಮಾತ್ರ ಆ ವಯಸ್ಸಿನಲ್ಲಿ ಇಲ್ಲ. ಕಳೆ ತೆಗೆಯುವವರಿಲ್ಲದ ತೋಟಕ್ಕೆ ಗೊಬ್ಬರ ಬಿದ್ದ ಹಾಗೆ, ಪದರ ಬೆಳೆಯುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹೀಗಾದಾಗ ಕೆಲವರಲ್ಲಿ ಅದು ದಾರಿ ತಪ್ಪುತ್ತದೆ. ಹಾಗೆಂದು ತೆಳ್ಳಗಿರುವ ಅಜ್ಜಿಯರಿಗೆ ಬರುವುದಿಲ್ಲ ಎಂದು ತಿಳಿಯಬೇಡಿ. ಕೊಬ್ಬಿಗೂ ಹಾರ್ಮೋನಿಗೂ ಅಷ್ಟಾಗಿ ಸಂಬಂಧವಿಲ್ಲದ ಇನ್ನೊಂದು ಜಾತಿಯ ಕ್ಯಾನ್ಸರ್ ಇದೆ, ಅಪರೂಪ, ಆದರೆ ಜೋರಿನದು.

ಆಮೇಲೆ ಪರೀಕ್ಷೆ. ಅಜ್ಜಿ ಅತಿ ಹೆಚ್ಚು ಹೆದರಿದ್ದು ಇದಕ್ಕೇ, ನಿಮ್ಮ ಅಜ್ಜಿಯೂ ಹೆದರುತ್ತಾರೆ. ಹೆಣ್ಣು ಡಾಕ್ಟರನ್ನೇ ಕೇಳಿ ಪಡೆಯಿರಿ, ಕೇಳುವುದರಲ್ಲಿ ಸಂಕೋಚ ಬೇಡ. ಮೊಮ್ಮಗಳು ತಲೆಯ ಹತ್ತಿರ ನಿಂತು ಕೈ ಹಿಡಿದುಕೊಂಡಿದ್ದಳು. ಮೇಲೆ ದುಪ್ಪಟಿ ಹೊದಿಸಿದ್ದೆವು. ಕೈ ಎತ್ತಿದರೆ ಆ ಕ್ಷಣ ನಿಲ್ಲಿಸುತ್ತೇನೆ ಎಂದು ಹೇಳಿದ್ದೆ, ಒಂದು ಸಲ ಎತ್ತಿದರು, ನಿಲ್ಲಿಸಿದೆ. ಮೊದಲು ಹೊರಗಡೆ ನೋಡಬೇಕು. ರಕ್ತ ಗರ್ಭಕೋಶದ್ದೇ ಎಂದು ಮೊದಲೇ ತೀರ್ಮಾನಿಸುವ ಹಾಗಿಲ್ಲ. ಮೂತ್ರದ ದ್ವಾರದಲ್ಲಿ ಪುಟ್ಟ ಕೆಂಪು ಗಂಟು ಇರಬಹುದು, ಮೂಲವ್ಯಾಧಿಯ ರಕ್ತವಿರಬಹುದು. ಆಮೇಲೆ ಯೋನಿಯನ್ನು ತುಸು ಅಗಲಿಸಿ ಒಳಗೆ ನೋಡಲು ಬಳಸುವ ಸ್ಪೆಕ್ಯುಲಮ್ ಎಂಬ ಸಾಧನ, ಅದರಲ್ಲೂ ಸಣ್ಣ ಅಳತೆಯದಕ್ಕೆ ಜೆಲ್ಲಿ ಹಚ್ಚಿ ಒಳಗಿನ ಗೋಡೆ, ಗರ್ಭಕೋಶದ ಬಾಯಿ ನೋಡಿ, ಬಾಯಿಯಿಂದ ಪ್ಯಾಪ್ ಸ್ಮಿಯರ್ ತೆಗೆಯುತ್ತೇವೆ, ಅಂದರೆ ಅಲ್ಲಿನ ಜೀವಕೋಶಗಳನ್ನು ಮೆಲ್ಲಗೆ ಒರೆಸಿ ಪರೀಕ್ಷೆಗೆ ಕಳುಹಿಸುತ್ತೇವೆ. ಗರ್ಭಕೋಶದ ಬಾಯಿಯ ಕ್ಯಾನ್ಸರೂ ಇದೇ ರೀತಿ ರಕ್ತದಲ್ಲೇ ಕಾಣಿಸಿಕೊಳ್ಳುತ್ತದೆ, ಸ್ಕ್ಯಾನಿನಲ್ಲಿ ಅದು ತಪ್ಪಿಹೋಗಬಹುದು. ಒಳಗೆ ನೋಡದೆ ಬರೀ ಸ್ಕ್ಯಾನ್ ಮಾಡಿ ಕಳುಹಿಸುವುದು ಸಾಲದು ಎನ್ನುವುದು ಇದಕ್ಕೇ.

ಇಲ್ಲೊಂದು ಮಾತು ಸೇರಿಸಬೇಕು. ತೋಟದಲ್ಲಿ ಜೀವಮಾನವಿಡೀ ಹೊರೆ ಹೊತ್ತ ಹೆಂಗಸರಲ್ಲಿ ಗರ್ಭಕೋಶ ಕೆಳಗೆ ಜಾರಿರುವುದು ಬಹಳ. ಹೊರಗೆ ಬಂದ ಭಾಗ ಬಟ್ಟೆಗೆ ಉಜ್ಜಿ ಹುಣ್ಣಾಗಿ ರಕ್ತ ಬರುತ್ತದೆ. ಅವರು ಎರಡನ್ನೂ ಮುಚ್ಚಿಡುತ್ತಾರೆ. ನಿಮ್ಮ ಅಜ್ಜಿ ಕೂರುವಾಗ ಒಂದು ಪಕ್ಕಕ್ಕೆ ವಾಲಿ ಕೂರುತ್ತಾರೆಯೇ, ಮೂತ್ರಕ್ಕೆ ಹೋದರೆ ಬಹಳ ಹೊತ್ತು ಹಿಡಿಯುತ್ತದೆಯೇ ಎಂದು ಗಮನಿಸಿ.

ಸ್ಕ್ಯಾನಿನಲ್ಲಿ ಆ ಅಜ್ಜಿಯ ಒಳಪದರ 11 ಮಿಲಿಮೀಟರ್ ಇತ್ತು. ಅವತ್ತೇ ಬಯಾಪ್ಸಿ ಮಾಡಿದೆ. ಪೈಪೆಲ್ ಎನ್ನುವ, ಸುಮಾರು 3 ಮಿಲಿಮೀಟರ್ ದಪ್ಪದ ಮೆತ್ತನೆಯ ಪ್ಲಾಸ್ಟಿಕ್ ನಳಿಗೆಯನ್ನು ಗರ್ಭಕೋಶದ ಬಾಯಿಯ ಮೂಲಕ ಒಳಗೆ ಕಳುಹಿಸಿ ಪದರದ ಚೂರನ್ನು ಹೀರಿಕೊಳ್ಳುವುದು. ಇದಕ್ಕೆ ಮತ್ತು ಬರಿಸುವ ಔಷಧಿ ಕೊಡುವುದಿಲ್ಲ. ಒಂದು ನಿಮಿಷದೊಳಗೆ ಮುಗಿಯುತ್ತದೆ, ಆದರೆ ನೋವೇ ಆಗುವುದಿಲ್ಲ ಎಂದು ಸುಳ್ಳು ಹೇಳಬಾರದು. ಮುಟ್ಟಿನ ಹೊಟ್ಟೆನೋವಿನ ಹಾಗೆ ಹಿಂಡುತ್ತದೆ. ವಯಸ್ಸಾದವರಲ್ಲಿ ಬಾಯಿ ಬಿಗಿದುಕೊಂಡು ನಳಿಗೆ ಹೋಗದೆಯೂ ಇರಬಹುದು, ಹೋದರೂ ಸಾಕಷ್ಟು ಚೂರು ಸಿಗದೆ ಇರಬಹುದು. ಆಗ ಸ್ವಲ್ಪ ಮತ್ತು ಕೊಟ್ಟು, ಹಿಸ್ಟರೋಸ್ಕೋಪ್ ಎಂಬ ಸಣ್ಣ ಕ್ಯಾಮೆರಾದಿಂದ ಒಳಗೆ ನೋಡುತ್ತಾ ಚೂರು ತೆಗೆಯುತ್ತೇವೆ. ಪಾಲಿಪ್ ಇದ್ದರೆ ಅದೇ ಹೊತ್ತಿಗೆ ಅದನ್ನೂ ತೆಗೆಯಬಹುದು. ನಳಿಗೆ ಕುರುಡಾಗಿ ಒಳಗೆ ಹೋಗುವುದರಿಂದ ಒಂದು ಮೂಲೆಯಲ್ಲಿರುವ ಪಾಲಿಪ್ ಅದಕ್ಕೆ ಸಿಕ್ಕದೆ ಹೋಗಬಹುದು. ಹಾಗಾಗಿ ಬಯಾಪ್ಸಿ ಸರಿಯಿದೆ ಎಂದು ಬಂದ ಮೇಲೂ ರಕ್ತ ನಿಲ್ಲದಿದ್ದರೆ ಕ್ಯಾಮೆರಾ ಹಾಕಿಯೇ ನೋಡಬೇಕು.

ಒಂದು ವಾರಕ್ಕೆ ರಿಪೋರ್ಟ್ ಬಂತು. ಒಳಪದರದ ಕ್ಯಾನ್ಸರ್, ಮೊದಲನೆಯ ದರ್ಜೆಯದು, ಅಂದರೆ ನಿಧಾನ ಸ್ವಭಾವದ್ದು. ಅಜ್ಜಿಗೆ ಹೇಳಬೇಡಿ ಎಂದು ಮಗ ಕಣ್ಣಲ್ಲೇ ಸನ್ನೆ ಮಾಡಿದರು. ಮೊಮ್ಮಗಳು ಒಪ್ಪಲಿಲ್ಲ. "ಅವರು ಮುಚ್ಚಿಟ್ಟದ್ದು ಸಾಕು, ನಾವೂ ಮುಚ್ಚಿಡೋದು ಬೇಡ" ಅಂದಳು. ನಾನು ಅಜ್ಜಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ತೆಗೆದ್ರೆ ಹೋಗ್ತದಾ?"

ಅವರ ವಿಷಯದಲ್ಲಿ ಹೋಗುವಂಥದ್ದೇ ಆಗಿತ್ತು. ಎಂಆರ್‌ಐಯಲ್ಲಿ ಗೆಡ್ಡೆ ಗರ್ಭಕೋಶದ ಸ್ನಾಯುವಿನ ಅರ್ಧ ದಪ್ಪವನ್ನೂ ದಾಟಿರಲಿಲ್ಲ. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಸಕ್ಕರೆ ಹತೋಟಿಗೆ ಬರಲೆಂದು ಹತ್ತು ದಿನ ಕಾದು, ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತುಗಳಿಂದ ಗರ್ಭಕೋಶ, ನಳಿಕೆ, ಅಂಡಾಶಯಗಳನ್ನು ತೆಗೆದರು. ಮಾರನೆಯ ದಿನ ನಡೆದಾಡಿದರು, ಮೂರನೆಯ ದಿನ ಮನೆಗೆ ಬಂದರು. ತೆಗೆದದ್ದನ್ನೆಲ್ಲ ಪರೀಕ್ಷಿಸಿದ ಮೇಲೆ ಮೊದಲನೆಯ ಹಂತವೆಂದೇ ಖಚಿತವಾಗಿ ರೇಡಿಯೇಶನ್ ಬೇಕಾಗಲಿಲ್ಲ. ಈ ಹಂತದಲ್ಲಿ ಸಿಕ್ಕವರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಗರ್ಭಕೋಶದಿಂದ ಆಚೆ ಹರಡಿದ ಮೇಲೆ ಸಿಕ್ಕಿದ್ದರೆ ಲೆಕ್ಕವೇ ಬೇರೆ. ಹನ್ನೊಂದು ತಿಂಗಳು ಕಾದೂ ಅದು ಒಳಗೇ ಉಳಿದದ್ದು ಅದರ ನಿಧಾನ ಸ್ವಭಾವದಿಂದ. ಜೋರಿನ ಜಾತಿಯದಾಗಿದ್ದರೆ ಅಷ್ಟು ಕಾಲ ಕಾಯುತ್ತಿರಲಿಲ್ಲ.

ಈಗ ನಿಮ್ಮ ಅಜ್ಜಿಯ ಕಡೆಗೆ ಬರುತ್ತೇನೆ. ಈ ಕಥೆ ಓದಿ ಅವರಿಗೂ ಕ್ಯಾನ್ಸರ್ ಎಂದು ನೀವು ತೀರ್ಮಾನಿಸಿ ರಾತ್ರಿ ನಿದ್ದೆ ಬಿಡುವುದು ನನಗೆ ಬೇಡ. ಮುಟ್ಟು ನಿಂತ ಮೇಲೆ ರಕ್ತ ಕಂಡು ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಇನ್ನೊಂದು ಕಡೆಯಿಂದ ನೋಡಿದರೆ, ಒಳಪದರದ ಕ್ಯಾನ್ಸರ್ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಇಂಥ ರಕ್ತ ಕಾಣಿಸುತ್ತದೆ. ಬೇರೆ ಬಹಳ ಕ್ಯಾನ್ಸರುಗಳು ಇಷ್ಟು ಬೇಗ ಬಾಗಿಲು ತಟ್ಟುವುದಿಲ್ಲ. ಈ ಎರಡು ಲೆಕ್ಕವನ್ನೂ ಒಟ್ಟಿಗೆ ಹಿಡಿದುಕೊಂಡರೆ ಎಷ್ಟು ಹೆದರಬೇಕು, ಎಷ್ಟು ಬೇಗ ಹೋಗಬೇಕು ಎರಡೂ ತಿಳಿಯುತ್ತದೆ.

ಎಲ್ಲಕ್ಕಿಂತ ಸಾಮಾನ್ಯ ಕಾರಣ ಒಳಚರ್ಮ ತೆಳುವಾಗಿ ಒಣಗುವುದು. ಈಸ್ಟ್ರೋಜನ್ ಇಲ್ಲದೆ ಯೋನಿಯ ಗೋಡೆ ಹಳೆಯ ಮಲ್ಲಿನ ಹಾಗಾಗಿರುತ್ತದೆ, ಸ್ವಲ್ಪ ಉಜ್ಜಿದರೂ ಸೀಳು ಬಿಡುತ್ತದೆ. ಅಂಥವರಿಗೆ ಉರಿ, ತುರಿಕೆ, ಪದೇ ಪದೇ ಮೂತ್ರ ಬರುವುದು ಜೊತೆಗಿರುತ್ತದೆ. ಪರೀಕ್ಷೆಯಲ್ಲಿ ಇದೇ ಎಂದು ಗೊತ್ತಾದರೆ ಈಸ್ಟ್ರೋಜನ್ ಕ್ರೀಮ್ ಕೊಡುತ್ತೇವೆ, ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ, ಒಳಗೆ ಹಚ್ಚಿಕೊಳ್ಳಲು. ಬಹಳ ಜನಕ್ಕೆ ತಿಂಗಳೆರಡು ತಿಂಗಳಲ್ಲಿ ಆರಾಮ. ಆದರೆ ಪರೀಕ್ಷೆ ಮಾಡದೆ, ವಯಸ್ಸಾಯಿತು, ಒಣಗಿದೆ, ಇದೆಲ್ಲ ಸಹಜ ಎಂದು ಯಾರಾದರೂ ಕ್ರೀಮ್ ಬರೆದುಕೊಟ್ಟರೆ ಒಪ್ಪಬೇಡಿ. ಈ "ವಯಸ್ಸಾದ ಮೇಲೆ ಸಹಜ" ಎಂಬ ಮಾತು ನನಗೆ ಸಿಟ್ಟು ತರಿಸುತ್ತದೆ. ಮುಟ್ಟು ನಿಲ್ಲುವುದು ಸಹಜ, ಆಮೇಲೆ ರಕ್ತ ಬರುವುದು ಯಾವ ವಯಸ್ಸಿಗೂ ಸಹಜವಲ್ಲ. ಒಳಚರ್ಮ ಒಣಗಿದ್ದು ನಿಜವಿದ್ದೂ ಗರ್ಭಕೋಶದೊಳಗೆ ಬೇರೆ ಏನೋ ಇರಬಹುದು, ಎರಡೂ ಒಟ್ಟಿಗೆ ಇದ್ದವರಿದ್ದಾರೆ.

ಎಲೆ ಅಡಿಕೆ ಕಲೆ ಎಂದ ಉತ್ತರವನ್ನು ಕೆದಕಲು ಹೋಗಬೇಡಿ, ಸುಳ್ಳು ಸಿಕ್ಕಿಬಿತ್ತು ಎಂದು ಅವರಿಗೆ ಅನ್ನಿಸಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಅವರು ಒಬ್ಬರೇ ಇರುವ ಹೊತ್ತು ನೋಡಿ, ಕೈಯಲ್ಲಿ ಏನಾದರೂ ಕೆಲಸವಿರುವಾಗ, ಇಬ್ಬರೂ ಒಂದೇ ಕಡೆ ನೋಡುತ್ತಾ ಕೂತಾಗ ಕೇಳಿ. ಮನೆಯ ಗಂಡಸರಿಗೆ ಏನು ಹೇಳಬೇಕು ಎಂಬುದನ್ನು ಅವರೇ ನಿರ್ಧರಿಸಲಿ. ಆ ಅಜ್ಜಿ ಮಗನಿಗೆ ಮೊದಲು ಹೊಟ್ಟೆನೋವು ಎಂದಷ್ಟೇ ಹೇಳಿಸಿದ್ದರು, ಜೀಪು ಹೊರಡಲು ಅಷ್ಟು ಸಾಕಾಗಿತ್ತು. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿನದು, ಸ್ತ್ರೀರೋಗ ವಿಭಾಗವಿದೆ, ಮೊದಲು ಅಲ್ಲಿಗೆ ಹೋಗಬಹುದು. ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ, ಮುಂದೆ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕಾಗಿ ಬಂದರೆ ಆರೋಗ್ಯ ಕರ್ನಾಟಕ ಯೋಜನೆಗೆ ಅವು ಬೇಕಾಗುತ್ತವೆ. ಹೋಗುವ ಮೊದಲು ಎರಡು ಮೂರು ದಿನ ಬಿಳಿ ಹತ್ತಿ ಬಟ್ಟೆ ಕೊಟ್ಟು, ಒರೆಸಿಕೊಂಡಾಗ ರಕ್ತ ಎಲ್ಲಿ ಕಾಣುತ್ತದೆ, ಮೂತ್ರದ ಜೊತೆಗೋ, ಮಲದ ಜೊತೆಗೋ, ಎರಡೂ ಇಲ್ಲದಾಗಲೋ ಎಂದು ನೋಡಲು ಹೇಳಿ. ಕಲೆಯಾದ ಒಂದು ತುಂಡನ್ನು ತೊಳೆಯದೆ ಕವರಿನಲ್ಲಿ ಹಾಕಿ ತನ್ನಿ. ಆ ಹೊತ್ತಿಗೆ ರಕ್ತ ನಿಂತಿದ್ದರೂ ಹೋಗುವುದನ್ನು ಬಿಡಬೇಡಿ. ರಕ್ತ ಕಾಣದ ದಿನವೂ ಪರೀಕ್ಷೆ ಅಷ್ಟೇ ಚೆನ್ನಾಗಿ ಆಗುತ್ತದೆ.

ಸ್ಕ್ಯಾನಿನಲ್ಲಿ 3 ಮಿಲಿಮೀಟರ್ ಎಂದು ಬಂದು, ಸ್ಮಿಯರ್ ಸರಿಯಿದ್ದು, ಕ್ರೀಮ್ ಕೊಟ್ಟು ಕಳುಹಿಸಿದರೆ ನೆಮ್ಮದಿಯಾಗಿ ಮನೆಗೆ ಬನ್ನಿ. ಆ ರಿಪೋರ್ಟನ್ನು ಎತ್ತಿಡಿ. ಎರಡು ತಿಂಗಳಿಗೋ ಎರಡು ವರ್ಷಕ್ಕೋ ಮತ್ತೆ ಒಂದು ಚುಕ್ಕೆ ಕಂಡರೆ ಹಳೆಯ ಅಂಕಿಯ ಮೇಲೆ ಭರವಸೆ ಇಡದೆ ಮತ್ತೆ ಹೋಗಿ. ಆಗ ಪದರ ತೆಳ್ಳಗಿದ್ದರೂ ಬಯಾಪ್ಸಿ ಮಾಡಿ ಎಂದು ನೀವೇ ಕೇಳಿ.